ಶೂ ಸೈಜಿನ ಪ್ರಶ್ನೆಗಳ ಬಗ್ಗೆ ಪುಟ್ಟಿಗೆ

ಪುಟ್ಟಿ,

ನೀನು ಕಳ್ಸಿದ ಶೀಟು ನಿನ್ನೆ ರಾತ್ರಿ ಕೂತು ಪೂರ್ತಿ ಓದಿದೆ ಕಣೆ, ಮೂರು ತಿಂಗಳ 200 ಸಪೋರ್ಟ್ ಟಿಕೆಟ್ಟು, ಜೊತೆಗೆ ಇನ್‌ಸ್ಟಾಗ್ರಾಮ್ ಪೋಸ್ಟುಗಳ ಕೆಳಗಿನ ಕಾಮೆಂಟು. ಶೂ ಬಗ್ಗೆ ಒಂದೊಂದೇ ಸ್ಲೈಡ್ ಸರಿಸಿ ನೋಡೋ ಕರೋಸೆಲ್ ಪೋಸ್ಟ್ ಇನ್ನೇನು ಮಾಡ್ಲಿ ದೊಡ್ಡಮ್ಮ, ಟಾಪಿಕ್ಕೇ ಸಿಗ್ತಿಲ್ಲ ಅಂತ ಫೋನಲ್ಲಿ ಅಂದ್ಯಲ್ಲ, ಟಾಪಿಕ್ ಈ ಶೀಟಲ್ಲೇ ಇತ್ತು, ಆದ್ರೆ ನೀನು ಟ್ಯಾಗ್ ಕಾಲಮ್ ನೋಡಿ ಬಿಟ್ಬಿಟ್ಟಿದೀಯ.

ಟ್ಯಾಗ್ ಹಾಕೋರು ಸಪೋರ್ಟ್‌ನವರು, ಟಿಕೆಟ್ ಯಾರ ಹತ್ರ ಹೋಗ್ಬೇಕು ಅಂತ ಹಾಕ್ತಾರೆ, ಕೇಳಿದವರ ಮನಸ್ಸಲ್ಲಿ ಏನಿತ್ತು ಅಂತ ಅಲ್ಲ. ನಾನೂ ಸಪೋರ್ಟಲ್ಲಿದ್ದಾಗ ಅರ್ಜೆಂಟಲ್ಲಿ ‘ಇತರೆ’ ಅಂತ ಒತ್ತಿ ಮುಂದಕ್ಕೆ ಹೋಗಿದ್ದು ಎಷ್ಟೋ ಸಲ. ಅದಕ್ಕೇ ಟ್ಯಾಗ್ ಮುಚ್ಚಿಟ್ಟು ಕಸ್ಟಮರ್ ಬರೆದ ಮೊದಲ ಮೆಸೇಜ್ ಮಾತ್ರ ಓದು. ಮೊದ್ಲು ಅವರವರ ಸ್ವಂತ ಆರ್ಡರಿಗೆ ಮಾತ್ರ ಸಂಬಂಧಪಟ್ಟಿದ್ದನ್ನ ತೆಗೆದಿಡು, ಪಾರ್ಸೆಲ್ ಎಲ್ಲಿದೆ, ದುಡ್ಡು ಯಾವಾಗ ವಾಪಸ್ ಬರತ್ತೆ ಇಂಥವು, ಅದಕ್ಕೆ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಥರ, ಅದು ಪೋಸ್ಟ್ ಆಗಲ್ಲ. ನಿನ್ನ ಶೀಟಲ್ಲಿ ಹಾಗೆ 120 ಹೋದ್ವು, ಉಳಿದಿದ್ದು 80.

ಆ 80ರಲ್ಲಿ ‘ರಿಟರ್ನ್’ ಅಂತ ಟ್ಯಾಗ್ ಇರೋವನ್ನ ಒಂದೊಂದಾಗಿ ತೆಗೆದು ಓದಿದೆ. ಒಬ್ಬರು “ಬೇರೆ ಕಂಪನಿದು 8 ಸರಿ ಆಗತ್ತೆ, ನಿಮ್ದು 8 ಬಿಗಿ” ಅಂತಾರೆ, ಇನ್ನೊಬ್ಬರು “ನಾನು ಎರಡು ಸೈಜ್ ಮಧ್ಯೆ ಇದೀನಿ, ಯಾವ್ದು ತಗೊಳ್ಲಿ”, ಮತ್ತೊಬ್ಬರು “ಒಂದು ಕಾಲಿಗೆ ಸರಿ, ಇನ್ನೊಂದಕ್ಕೆ ಚುಚ್ಚತ್ತೆ”. ಹೊರಗಿನಿಂದ ಇವು ಮೂರು ಬೇರೆ ದೂರು, ಆದ್ರೆ ಒಳಗಿರೋದು ಒಂದೇ ಪ್ರಶ್ನೆ, ನನ್ನ ಕಾಲನ್ನ ಸರಿಯಾಗಿ ಅಳೆಯೋದು ಹೇಗೆ ಅಂತ. ಕಾಮೆಂಟಲ್ಲೂ ಇದೇ. ಒಟ್ಟು ಎಣಿಸಿದ್ರೆ 31 ಮೆಸೇಜು, ಆದ್ರೆ ಒಬ್ಬರೇ ನಾಲ್ಕು ಸಲ ಬರೆದಿರೋದೂ ಇದೆ, ಅದಕ್ಕೆ ಮೆಸೇಜ್ ಎಣಿಸ್ಬೇಡ, ಜನರನ್ನ ಎಣಿಸು, ಹಾಗೆ ನೋಡಿದ್ರೆ 24 ಜನ. ತಾರೀಖೂ ನೋಡು, ಎಲ್ಲಾ ಒಂದೇ ವಾರದಲ್ಲಿ ಬಂದಿದ್ರೆ ಆ ಲಾಟಲ್ಲೇ ಏನೋ ದೋಷ ಇದೆ ಅಂತ ಅನುಮಾನ ಪಡಬೇಕು, ಆಗ ಅದಕ್ಕೆ ಕರೋಸೆಲ್ ಅಲ್ಲ, ಮಾಲನ್ನೇ ಚೆಕ್ ಮಾಡ್ಸಬೇಕು. ನಿನ್ನವು ಮೂರು ತಿಂಗಳಲ್ಲೂ ಹರಡಿಕೊಂಡಿವೆ.

ಇಲ್ಲಿ ಒಂದು ವಿಷಯ ಗಮನಿಸು. ಸಪೋರ್ಟ್‌ನವರು ಎಲ್ಲರಿಗೂ ಸೈಜ್ ಚಾರ್ಟಿನ ಲಿಂಕ್ ಕೊಟ್ಟಿದಾರೆ. ಆಮೇಲೆ ಕಸ್ಟಮರ್ ಏನು ಬರೆದ್ರು ಅನ್ನೋದನ್ನ ನೀನು ಓದೇ ಇಲ್ಲ, ನಂಗೆ ಬೇಕಾಗಿದ್ದು ಅಲ್ಲೇ ಸಿಕ್ತು: “ಚಾರ್ಟ್ ನೋಡ್ದೆ, ಅದ್ರಲ್ಲಿ ಸೆಂಟಿಮೀಟರ್ ಇದೆ, ನನ್ನ ಕಾಲು ಎಷ್ಟು ಸೆಂಟಿಮೀಟರ್ ಅಂತ ಹೇಗೆ ಗೊತ್ತಾಗ್ಬೇಕು”. ರೆಡಿಮೇಡ್ ಉತ್ತರ ಕೊಟ್ಟ ಮೇಲೂ ಉಳಿಯೋ ಪ್ರಶ್ನೆ ಇದು, ಟಾಪಿಕ್ ಆಗ್ಬೇಕಾಗಿರೋದು ಇದೇ. ಚಾರ್ಟನ್ನೇ ಮತ್ತೆ ಸ್ಲೈಡ್ ಮಾಡಿ ಹಾಕಿದ್ರೆ ಯಾರಿಗೂ ಉಪಯೋಗ ಇಲ್ಲ.

ಇದು ಕರೋಸೆಲ್‌ಗೆ ಹೊಂದೋದು ಯಾಕೆ ಅಂದ್ರೆ ಉತ್ತರದಲ್ಲಿ ಒಂದಾದ ಮೇಲೊಂದು ಮಾಡೋ ಕೆಲಸ ಇದೆ. ಒಂದೇ ಸಾಲಲ್ಲಿ ಮುಗಿಯೋ ಉತ್ತರ ಆಗಿದ್ರೆ ಕಾಮೆಂಟಲ್ಲೇ ಬರೆದು ಪಿನ್ ಮಾಡು ಅಂತಿದ್ದೆ. ಮೊದಲ ಸ್ಲೈಡಲ್ಲಿ ಅವರ ಮಾತನ್ನೇ ಇಡು, “ಎರಡು ಸೈಜ್ ಮಧ್ಯೆ ಇದೀನಿ, ಯಾವ್ದು ತಗೊಳ್ಲಿ?”, ನೀನು ‘ಪರ್ಫೆಕ್ಟ್ ಫಿಟ್ ಗೈಡ್’ ಅಂತ ಬರೆದ್ರೆ ಹಾಗೆ ಕೇಳಿದವರು ಒಬ್ಬರೂ ಇಲ್ಲ. ಸ್ಕ್ರೀನ್‌ಶಾಟ್ ಮಾತ್ರ ಹಾಕ್ಬೇಡ, ಅವರ ಹೆಸರು, ಫೋಟೋ, ಆರ್ಡರ್ ನಂಬರ್ ಏನೂ ಕಾಣ್ಬಾರ್ದು, ಮಾತನ್ನ ಮಾತ್ರ ಟೈಪ್ ಮಾಡಿ ಹಾಕು. ಎರಡನೇದ್ರಲ್ಲೇ ಉತ್ತರ ಹೇಳ್ಬಿಡು, ಉದ್ದ ಇರೋ ಕಾಲಿನ ಅಳತೆಗೆ ತಗೊಳ್ಳಿ ಅಂತ. ಆಮೇಲೆ ಮಾಡೋ ರೀತಿ: ನೆಲದ ಮೇಲೆ ಹಾಳೆ ಹಾಸಿ, ಹಿಮ್ಮಡಿ ಗೋಡೆಗೆ ತಾಗೋ ಹಾಗೆ ನಿಂತ್ಕೊಂಡು, ಎಲ್ಲಕ್ಕಿಂತ ಮುಂದಿರೋ ಬೆರಳ ತುದಿಗೆ ಗುರುತು ಹಾಕೋದು, ಅದು ಹೆಬ್ಬೆರಳೇ ಆಗ್ಬೇಕಂತಿಲ್ಲ, ಆಮೇಲೆ ಗೋಡೆಯಿಂದ ಆ ಗುರುತಿನವರೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆಯೋದು. ಕೂತ್ಕೊಂಡು ಅಳೀಬಾರ್ದು, ಭಾರ ಬಿದ್ದಾಗ ಪಾದ ಚಾಚ್ಕೊಳತ್ತೆ. ಸಂಜೆ ಅಳೆದ್ರೆ ಒಳ್ಳೇದು, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರತ್ತೆ. ಎರಡೂ ಕಾಲು ಅಳೆಯೋದಕ್ಕೇ ಒಂದು ಸ್ಲೈಡ್ ಕೊಡು, ಆ ಚುಚ್ಚತ್ತೆ ಅಂದವರಿಗೆ ಉತ್ತರ ಸಿಗೋ ಸಾಧ್ಯತೆ ಅಲ್ಲೇ ಜಾಸ್ತಿ. ಏಳೆಂಟು ಸ್ಲೈಡಲ್ಲಿ ಮುಗಿಯತ್ತೆ, ಇನ್‌ಸ್ಟಾಗ್ರಾಮ್ 20ರವರೆಗೂ ಬಿಡತ್ತೆ ಅಂತ ಎಳೀಬೇಡ.

ಹಾಕಿದ ಮೇಲೆ ಲೈಕ್ ನೋಡ್ಕೊಂಡು ಕೂರ್ಬೇಡ, ಸೇವ್ ಎಷ್ಟಾಯ್ತು ನೋಡು, ಅಳೆಯೋ ಹೊತ್ತಿಗೆ ಬೇಕು ಅಂತ ಇಟ್ಕೊಳೋರು ಅವರು. ಸಪೋರ್ಟ್‌ನವರಿಗೂ ಲಿಂಕ್ ಕೊಡು, ಸೈಜ್ ಕೇಳಿದವರಿಗೆ ಚಾರ್ಟಿನ ಜೊತೆ ಇದನ್ನೂ ಕಳ್ಸಲಿ, ಕಳ್ಸಿದ ಮೇಲೂ ಅವರು ತಿರುಗಿ ಅದನ್ನೇ ಕೇಳಿದ್ರೆ ನಿನ್ನ ಯಾವುದೋ ಸ್ಲೈಡ್ ಅರ್ಥ ಆಗಿಲ್ಲ ಅಂತ ಲೆಕ್ಕ. ಇದೊಂದರಿಂದ ರಿಟರ್ನ್ ಕಮ್ಮಿ ಆಯ್ತಾ ಅಂತ ಮಾತ್ರ ಅವಸರದಲ್ಲಿ ಹೇಳಕ್ಕಾಗಲ್ಲ, ಅದಕ್ಕೆ ಬೇರೆ ಕಾರಣಗಳೂ ಇರ್ತವೆ.

ಶೀಟಿನ ಕೊನೇಲಿ “ಸಾಕ್ಸ್ ಹಾಕ್ಕೊಂಡು ಅಳೀಬೇಕಾ” ಅಂತ ಇಬ್ಬರು ಕೇಳಿದಾರೆ. ಇಬ್ಬರೇ ಅಂತ ಬಿಡ್ಬೇಡ, ಬೇರೆ ಕಾಲಮಲ್ಲಿ ಬರೆದಿಡು, ಈ ಕರೋಸೆಲ್ ಹಾಕಿದ ಮೇಲೆ ಅದನ್ನ ಎಷ್ಟು ಜನ ಕೇಳ್ತಾರೆ ನೋಡೋಣ. ಮೊದಲ ಎರಡು ಸ್ಲೈಡ್ ಬರೆದಾಗ ನಂಗೆ ಕಳ್ಸು.

ನಿನ್ನ ದೊಡ್ಡಮ್ಮ