ಗೆಳೆಯನಿಗೊಂದು ಪತ್ರ: ಕಟ್ಟದೆ ಬಿಟ್ಟ ಹಗ್ಗ

ಮಾರಾಯ,

ಮೂಡಿಗೆರೆಯಲ್ಲಿ ಮಳೆ ಹಿಡಿದು ಐದು ದಿನ ಆಯಿತು. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಣಕಲ್ ಬಸ್ಸಿನ ಮೂರನೇ ಸೀಟು ಇನ್ನೂ ಹಾಗೇ ಇದೆ, ಮೊನ್ನೆ ನೋಡಿದೆ. ನೀನು ನೆನಪಾದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಸಮಾಧಾನ ಮಾಡಲು ಶುರು ಮಾಡುತ್ತೀಯ. ಈ ಸಲ ಪೂರ್ತಿ ಹೇಳಬೇಕು. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿರುವುದು, ತೋಟ ಇಟ್ಟುಕೊಂಡ ನಮ್ಮ ಕಡೆಯ ನಾಲ್ಕು ಜನ ಓದಲಿ ಅಂತ. ಮಾರ್ಚಿನಲ್ಲಿ ನಮ್ಮ ತೋಟದಲ್ಲಿ ಏಣಿಯಿಂದ ಬಿದ್ದ ಕೆಲಸದ ಅಣ್ಣನ ವಿಷಯ ಇದು. ನಿನಗೆ ಅವರು ಗೊತ್ತು. ಹೆಸರು ಬರೆಯುವುದಿಲ್ಲ. ಬರೆಯುತ್ತೇನೆ ಅಂತ ಅವರಿಗೆ ಹೇಳಿಯೇ ಬರೆಯುತ್ತಿದ್ದೇನೆ.

ಅವತ್ತು ರಾತ್ರಿ ನೀನು ಫೋನಿನಲ್ಲಿ ಹೇಳಿದ ಮಾತು ಇದು: "ನೀನು ಬೇಕಂತ ಮಾಡಿದ್ದಲ್ಲ ಕಣೋ. ಕರ್ಮಣ್ಯೇವಾಧಿಕಾರಸ್ತೇ. ಕೆಲಸ ಮಾತ್ರ ನಮ್ಮದು, ಫಲ ನಮ್ಮ ಕೈಲಿಲ್ಲ." ಆ ಮಾತು ಹಿಡಿದುಕೊಂಡು ನಾನು ನಿದ್ದೆ ಮಾಡಿದೆ. ಹದಿನೈದು ದಿನ ಹಾಗೇ ಕಳೆದವು. ಈಗ ಅನ್ನಿಸುತ್ತಿದೆ, ಆ ಶ್ಲೋಕವನ್ನು ನಾವಿಬ್ಬರೂ ತಪ್ಪಾಗಿ ಬಳಸಿದೆವು.

ಆದದ್ದನ್ನು ಮೊದಲು ಹೇಳುತ್ತೇನೆ. ಮೆಣಸು ಕೊಯ್ಯುವಾಗ ಏಣಿಯ ತುದಿಯನ್ನು ಮರಕ್ಕೆ ಹಗ್ಗದಲ್ಲಿ ಬಿಗಿಯಬೇಕು. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಕಾಂಡ ಗುಂಡಗಿರುತ್ತದೆ. ಏಣಿಯ ಮೇಲಿನ ಮೆಟ್ಟಿಲು ಅದಕ್ಕೆ ಒಂದೇ ಕಡೆ ತಾಗುತ್ತದೆ. ಹತ್ತಿದವನು ನೇರ ನಿಂತಿರುವವರೆಗೆ ತೊಂದರೆ ಇಲ್ಲ. ಪಕ್ಕದ ಗೊಂಚಲಿಗೆ ಕೈ ಚಾಚಿದ ಕೂಡಲೇ ಭಾರ ಒಂದು ಕಡೆಗೆ ಹೋಗಿ ಏಣಿ ಹೊರಳುತ್ತದೆ. ಕೆಳಗೆ ಒಬ್ಬರು ಬುಡ ಹಿಡಿದಿದ್ದರೂ ತುದಿ ಹೊರಳುವುದನ್ನು ತಡೆಯೋಕೆ ಆಗುವುದಿಲ್ಲ. ಅದಕ್ಕೇ ಹಗ್ಗ. ಕಟ್ಟಿ ಬಿಚ್ಚುವುದಕ್ಕೆ ಮರಕ್ಕೆ ಆರು ನಿಮಿಷ. ದಿನಕ್ಕೆ ಹದಿನೈದು ಮರ ಅಂದರೆ ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಗಾಗಿ ನಾನು ಹಗ್ಗ ಬಿಡಿಸಿದೆ. ಎತ್ತರದ ಮರಕ್ಕೆ ಕಟ್ಟಿ, ಉಳಿದದ್ದಕ್ಕೆ ಬೇಡ ಅಂದೆ. ಹಿಂದಿನ ವರ್ಷವೂ ಹಾಗೇ ಮಾಡಿಸಿದ್ದೆ, ಏನೂ ಆಗಿರಲಿಲ್ಲ. ಈ ಸಲ ಹಿಂದಿನ ರಾತ್ರಿ ಒಂದು ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಹನ್ನೆರಡು ಅಡಿ ಮೇಲಿಂದ ಬಿದ್ದರು. ತೊಡೆ ಮೂಳೆ ಮುರಿಯಿತು. ಹಾಸನಕ್ಕೆ ಕರೆದುಕೊಂಡು ಹೋದೆವು, ಆಪರೇಷನ್ ಮಾಡಿ ರಾಡ್ ಹಾಕಿದರು.

ಫಲದಿಂದಲೇ ಕೆಲಸವನ್ನು ಅಳೆಯಬೇಕು ಅನ್ನುವವರು ಇದಕ್ಕೆ ಏನು ಹೇಳುತ್ತಾರೆ? ಕಾಲು ಮುರಿಯಿತು, ಹಾಗಾಗಿ ತಪ್ಪು. ಮೊದಮೊದಲು ನಾನೂ ಹೀಗೇ ಅಂದುಕೊಂಡೆ. ಆದರೆ ಈ ಲೆಕ್ಕದಲ್ಲಿ ಹಿಂದಿನ ವರ್ಷದ ಕೆಲಸ ಸರಿ ಆಗಿಬಿಡುತ್ತದೆ. ಅದೇ ಏಣಿ, ಅದೇ ಕಟ್ಟದ ಹಗ್ಗ, ಅದೇ ನಾನು. ನಡುವೆ ಇದ್ದ ವ್ಯತ್ಯಾಸ ಒಂದು ಮಳೆ. ಮಳೆ ಬಂದರೆ ನಾನು ಕೆಟ್ಟವನು, ಬರದಿದ್ದರೆ ಒಳ್ಳೆಯವನು ಅಂದರೆ ಹೇಗೆ?

ಆ ಪಂಥದಲ್ಲಿ ಎಚ್ಚರದಿಂದ ಯೋಚಿಸುವವರು ಹಾಗೆ ಅಳೆಯುವುದೂ ಇಲ್ಲ. ಕೆಲಸಕ್ಕೆ ಕೈ ಹಾಕುವ ಹೊತ್ತಿನಲ್ಲಿ ಏನು ಆಗಬಹುದು ಅಂತ ಕಾಣುತ್ತಿತ್ತೋ ಅದನ್ನು ನೋಡು ಅನ್ನುತ್ತಾರೆ. ಒಂದು ಕಡೆ ದಿನಕ್ಕೆ ಒಂದೂವರೆ ಗಂಟೆ ಉಳಿತಾಯ. ಇನ್ನೊಂದು ಕಡೆ, ಅಪರೂಪಕ್ಕೆ ಆದರೂ, ಒಬ್ಬ ಮನುಷ್ಯನ ಕಾಲೋ ಬೆನ್ನೋ ಜೀವವೋ. ಹೀಗೆ ತೂಗಿದರೆ ಹಿಂದಿನ ವರ್ಷವೂ ತಪ್ಪು. ಏನೂ ಆಗದೆ ಉಳಿದದ್ದು ನಮ್ಮ ಅದೃಷ್ಟ ಮಾತ್ರ.

ಇದಿಷ್ಟು ನನಗೆ ಸರಿಯಾಗಿಯೇ ಕಂಡಿತು. ಗೀತೆ ಮಾತ್ರ ಇದಕ್ಕೆ ವಿರುದ್ಧ ಅಂದುಕೊಂಡಿದ್ದೆ. ಫಲ ನೋಡಬೇಡ ಅನ್ನುತ್ತದಲ್ವಾ ಅದು? ಒಂದು ಸಂಜೆ ಅಪ್ಪನ ಗೀತೆ ಪುಸ್ತಕ ತೆಗೆದೆ. ಬೆನ್ನು ಬಿಟ್ಟುಹೋಗಿ ದಾರ ಕಟ್ಟಿಟ್ಟಿದೆಯಲ್ಲ, ಅದೇ. ಹದಿನೆಂಟನೇ ಅಧ್ಯಾಯದ ಇಪ್ಪತ್ತೈದನೇ ಶ್ಲೋಕದ ಪಕ್ಕದಲ್ಲಿ ಅಪ್ಪ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ.

"ಅನುಬಂಧಂ ಕ್ಷಯಂ ಹಿಂಸಾಮನಪೇಕ್ಷ್ಯ ಚ ಪೌರುಷಮ್ । ಮೋಹಾದಾರಭ್ಯತೇ ಕರ್ಮ ಯತ್ತತ್ತಾಮಸಮುಚ್ಯತೇ ॥"

ಅನುಬಂಧ ಅಂದರೆ ಕೆಲಸದ ಹಿಂದೆಯೇ ಬರುವ ಪರಿಣಾಮ. ಕ್ಷಯ, ನಷ್ಟ. ಹಿಂಸೆ, ಬೇರೆಯವರಿಗೆ ಆಗುವ ನೋವು. ಪೌರುಷ, ನಮಗಿರುವ ಶಕ್ತಿ. ಈ ನಾಲ್ಕನ್ನೂ ನೋಡದೆ ಮೋಹದಿಂದ ಶುರು ಮಾಡಿದ ಕೆಲಸ ತಾಮಸ. ಅಂದರೆ ಅದೇ ಗೀತೆ, ಪರಿಣಾಮ ನೋಡದೆ ಮಾಡುವುದನ್ನು ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಹಾಕುತ್ತದೆ. ನಾಲ್ಕನ್ನೂ ನಾನು ನನ್ನ ಏಣಿಗೆ ಹಿಡಿದು ನೋಡಿದೆ. ಒಂದನ್ನೂ ನಾನು ನೋಡಿರಲಿಲ್ಲ.

ಕೃಷ್ಣನೂ ಪರಿಣಾಮದ ಮಾತು ಆಡದವನಲ್ಲ. ಮೂರನೇ ಅಧ್ಯಾಯದಲ್ಲಿ, ನಾನು ಕೆಲಸ ಮಾಡದಿದ್ದರೆ ಈ ಲೋಕಗಳೇ ಹಾಳಾಗುತ್ತವೆ ಅನ್ನುತ್ತಾನೆ. ಇನ್ನು ಅರ್ಜುನ ಮೊದಲ ಅಧ್ಯಾಯದಲ್ಲಿ ಹೇಳುವುದೆಲ್ಲ ಪರಿಣಾಮವೇ: ಕುಲ ಹೋಗುತ್ತದೆ, ಧರ್ಮ ಹೋಗುತ್ತದೆ. ಅವನ ಆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ, ಯುದ್ಧ ಮುಗಿದ ಮೇಲಿನ ಹಾಳು ನೆಲವನ್ನು ನೋಡಿದರೆ ಗೊತ್ತಾಗುತ್ತದೆ ಅಂತ ಅಮರ್ತ್ಯ ಸೇನ್ ವಾದಿಸಿದ್ದಾರೆ. ನನಗೂ ಹೌದು ಅನ್ನಿಸುತ್ತದೆ. ಗೆದ್ದ ಯುಧಿಷ್ಠಿರನೂ ಅಳುತ್ತಾನೆ. ಆದರೆ ಅದು ದೊಡ್ಡ ಯುದ್ಧ. ನನ್ನದು ಒಂದು ಏಣಿ, ಅಲ್ಲಿಗೇ ಬರುತ್ತೇನೆ.

ಹಾಗಾದರೆ ಗೀತೆಯೂ ಫಲದಿಂದ ಅಳೆಯುವವರೂ ಬೇರೆಯಾಗುವುದು ಎಲ್ಲಿ? ಹಾಸನದಲ್ಲಿ ಬಿ.ಎ. ಓದುವಾಗ ಮೇಷ್ಟ್ರು ಹೇಳುತ್ತಿದ್ದ, ಆ ಪಂಥದ ಇಂಗ್ಲಿಷ್ ತತ್ವಜ್ಞಾನಿ ಮಿಲ್ ನೆನಪಿದ್ದಾನಾ? 1861ರಲ್ಲಿ ಅಚ್ಚಾದದ್ದು. ಮುಳುಗುತ್ತಿರುವವನನ್ನು ನೀರಿನಿಂದ ಎತ್ತಿದವನು ಸರಿಯಾದ ಕೆಲಸವನ್ನೇ ಮಾಡಿದ. ಕರ್ತವ್ಯ ಅಂತ ಎತ್ತಿರಲಿ, ದುಡ್ಡು ಸಿಗುತ್ತದೆ ಅಂತ ಎತ್ತಿರಲಿ. ಮನಸ್ಸಿನಲ್ಲಿ ಏನಿತ್ತು ಅನ್ನುವುದು ಆ ಮನುಷ್ಯ ಎಂಥವನು ಅಂತ ಹೇಳುತ್ತದೆಯೇ ಹೊರತು ಕೆಲಸ ಸರಿಯೋ ತಪ್ಪೋ ಅಂತ ಅಲ್ಲ. ಗೀತೆ ಇದನ್ನು ಒಪ್ಪುವುದಿಲ್ಲ. ಒಳಗೆ ಫಲದ ಆಸೆ ಇದ್ದರೆ ಹೊರಗೆ ಅದೇ ಕೆಲಸ ಕಂಡರೂ ಅದು ಬೇರೆಯೇ ಕೆಲಸ.

ಮಿಲ್ ಹೇಳಿದ್ದು ಅವತ್ತು ನಮಗಿಬ್ಬರಿಗೂ ಸರಿ ಅನ್ನಿಸಿತ್ತು. ಎತ್ತಿದರೆ ಸಾಕು, ಯಾಕೆ ಎತ್ತಿದ ಅಂತ ಯಾಕೆ ಬೇಕು? ಈಗ ಹಾಗೆ ಅನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆಸ್ಪತ್ರೆ ಖರ್ಚು ಪೂರ್ತಿ ನಾನೇ ಕೊಟ್ಟೆ. ಕೂಲಿಯೂ ನಿಲ್ಲಿಸಲಿಲ್ಲ. ಅವರು ಮನೆಗೆ ಬಂದ ಮೇಲೆ ಹಣ್ಣು ಹಿಡಿದುಕೊಂಡು ಹೋದೆ. ಅಣ್ಣ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ನಿಮ್ಮ ತಪ್ಪೇನಿದೆ ಗೌಡ್ರೆ, ನನ್ನ ಗ್ರಾಚಾರ" ಅಂದರು. ನಾನು ಅಲ್ಲಿಂದ ಎದ್ದು ಬಂದೆ. ದಾರಿಯುದ್ದಕ್ಕೂ ಎಷ್ಟು ಹಗುರ ಇತ್ತು ಗೊತ್ತಾ? ಮನೆ ಮುಟ್ಟುವಷ್ಟರಲ್ಲಿ ಅರ್ಥವಾಯಿತು. ನಾನು ಹೋದದ್ದೇ ಆ ಒಂದು ಮಾತಿಗೆ. ಅದು ಸಿಕ್ಕಿತು, ಎದ್ದು ಬಂದೆ. ನೋವು ಹೇಗಿದೆ ಅಂತ ಕೇಳಿರಲಿಲ್ಲ. ಮಂಡಿ ಮಡಚೋಕೆ ಆಗುತ್ತಾ ಅಂತ ಕೇಳಿರಲಿಲ್ಲ. ಅವರ ಮನೆಯ ಅಕ್ಕ ಕಾಫಿಗೆ ನೀರಿಟ್ಟಿದ್ದರು, ಅದನ್ನೂ ಕುಡಿಯದೆ ಬಂದಿದ್ದೆ.

ಇನ್ನೊಂದು ಇದೆ. ಇದನ್ನು ಬರೆಯುವ ಯೋಚನೆ ಇರಲಿಲ್ಲ. ಅವರು ಬಿದ್ದ ಸದ್ದು ಕೇಳಿ ಓಡಿದೆನಲ್ಲ, ಅವರ ಮುಖ ನೋಡುವ ಮೊದಲು ನನ್ನ ಕಣ್ಣು ಹಗ್ಗವನ್ನು ಹುಡುಕಿತು. ಬುಡದಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತು. ಯಾರಾದರೂ ನೋಡುತ್ತಿದ್ದಾರಾ ಅಂತ ನೋಡಿದೆ. ಆಮೇಲೆ ಅವರ ತಲೆ ಎತ್ತಿ ಹಿಡಿದೆ. ಒಂದು ಕ್ಷಣವೂ ಇರಲಿಕ್ಕಿಲ್ಲ. ಅವರನ್ನು ಆಸ್ಪತ್ರೆಗೆ ಸಾಗಿಸುವುದು ತಡವಾಗಲಿಲ್ಲ, ಮಿಲ್ ಲೆಕ್ಕದಲ್ಲಿ ಅದರಿಂದ ಏನೂ ಕೆಡಲಿಲ್ಲ. ಆದರೂ ಆ ಕ್ಷಣ ನನ್ನನ್ನು ಬಿಡುತ್ತಿಲ್ಲ. "ಮಾ ಕರ್ಮಫಲಹೇತುರ್ಭೂಃ", ಫಲವೇ ನಿನ್ನನ್ನು ನಡೆಸುವ ಹಾಗೆ ಇರಬೇಡ ಅಂತ, ನೀನು ಫೋನಿನಲ್ಲಿ ಹೇಳಿದ ಶ್ಲೋಕದ್ದೇ ಮೂರನೇ ಪಾದ. ನಾವು ಬರೀ ಮೊದಲೆರಡು ಪಾದ ಹೇಳಿ ನಿಲ್ಲಿಸುತ್ತೇವೆ, ಅಲ್ವಾ?

ನಾಲ್ಕನೇ ಪಾದವನ್ನೂ ನಾನು ಮಾಡಿ ತೋರಿಸಿದೆ. ಅಣ್ಣ ಬಿದ್ದ ಮೇಲೆ ಮೆಣಸು ಕೊಯ್ಲು ನಿಲ್ಲಿಸಿಬಿಟ್ಟೆ. ಯಾರನ್ನೂ ಹತ್ತಿಸುವುದು ಬೇಡ ಅನ್ನಿಸಿತು. ಎಲ್ಲರೂ ಅದನ್ನು ದೊಡ್ಡತನ ಅಂದರು. ಹಣ್ಣಾದ ಕಾಳು ಉದುರಿ ಬುಡದಲ್ಲೆಲ್ಲ ಕೆಂಪಾಗಿ ಬಿದ್ದಿತ್ತು. ಕೂಲಿ ಇಲ್ಲದೆ ಮೂರು ಮನೆಯವರು ಎರಡು ವಾರ ಕೂತರು. "ಮಾ ತೇ ಸಂಗೋಽಸ್ತ್ವಕರ್ಮಣಿ." ಕೆಲಸ ಬಿಡುವುದಕ್ಕೂ ಅಂಟಿಕೊಳ್ಳಬೇಡ ಅಂತ. ನಾನು ಬಿಟ್ಟದ್ದು ಅವರ ಕಾಲು ಮುರಿದೀತು ಅಂತ ಹೆದರಿ ಅಲ್ಲ, ಇನ್ನೊಂದು ಸಲ ನನಗೆ ಹೀಗಾಗದಿರಲಿ ಅಂತ.

ಆಮೇಲೆ ಹೊಸ ಹಗ್ಗ ತಂದೆ. ಎಲ್ಲ ಮರಕ್ಕೂ ಏಣಿ ಕಟ್ಟಿಸಿದೆ. ಸೊಂಟಕ್ಕೂ ಒಂದು. ದಿನಕ್ಕೆ ಹನ್ನೆರಡು ಮರ ಆಯಿತು. ಮಳೆ ಬಂದ ಮಾರನೇ ದಿನ ಏಣಿ ಹಾಕಿಸಲಿಲ್ಲ. ಇಷ್ಟು ಮಾಡಿದ ಮೇಲೂ ಯಾರಾದರೂ ಬೀಳಬಹುದು. ಆ ಮಾತನ್ನು ಹೇಳುವುದಕ್ಕೆ ಆ ಶ್ಲೋಕ ಇರುವುದು ಅಂತ ಈಗ ಅನ್ನಿಸುತ್ತದೆ. ಹಗ್ಗ ಕಟ್ಟಿದವನಿಗೆ ಹೇಳುವ ಸಮಾಧಾನ ಅದು. ಕಟ್ಟದವನಿಗೆ ನೀನು ಹೇಳಿಬಿಟ್ಟೆ, ನಾನು ಇಟ್ಟುಕೊಂಡೆ.

ಅಣ್ಣನ ಮನೆಗೆ ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಕಾಲು ಮಡಚಿ ಬಿಡಿಸುವುದನ್ನು ಇಪ್ಪತ್ತು ಸಲ ಮಾಡಿಸಬೇಕು. ನಾನು ಹಿಮ್ಮಡಿ ಹಿಡಿದುಕೊಳ್ಳುತ್ತೇನೆ, ಅವರು ಎಣಿಸುತ್ತಾರೆ. ಹದಿನಾಲ್ಕಕ್ಕೆ ಬೈಯಲು ಶುರು ಮಾಡುತ್ತಾರೆ. ಹಗ್ಗ ಕಟ್ಟಿಸದೆ ಬಿಟ್ಟದ್ದು ನನ್ನ ತಪ್ಪು ಅಂತ ಹೋದ ವಾರ ಹೇಳಿದೆ. ಅವರು ಏನೂ ಅನ್ನಲಿಲ್ಲ. ಹದಿನೈದು, ಹದಿನಾರು ಅಂತ ಮುಂದುವರಿಸಿದರು.

ಸರಿ, ಜಾಸ್ತಿ ಆಯಿತು. ಹಲಸಿನ ಹಪ್ಪಳ ಮಾಡಿಟ್ಟಿದ್ದಾರೆ ಅಮ್ಮ, ನಿನ್ನ ಪಾಲು ಡಬ್ಬಿಯಲ್ಲಿದೆ. ಮಳೆ ಬಿಡುವ ಮೊದಲೇ ಬಾ. ಕೊಡೆ ಮಾತ್ರ ನೀನೇ ತಾ.

ನಿನ್ನವನೇ