ತಪ್ಪು ದ್ರವದ ಉತ್ಪತ್ತಿಯಲ್ಲಲ್ಲ, ಅದರ ದಾರಿಯಲ್ಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯ ಲೇಖನವೊಂದರಲ್ಲಿ ಹೈಡ್ರೋಸೆಫಾಲಸ್ ಅನ್ನು 'ಮಿದುಳಿನಲ್ಲಿ ನೀರು ಅತಿಯಾಗಿ ಉತ್ಪತ್ತಿಯಾಗುವ ಕಾಯಿಲೆ' ಎಂದು ಬಣ್ಣಿಸಲಾಗಿತ್ತು. ಅಂಗರಚನಾಶಾಸ್ತ್ರ ಕಲಿಸುವ ನನಗೆ ಇದನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಕೆಲವು ಅಪರೂಪದ ಗಡ್ಡೆಗಳಲ್ಲಿ ಉತ್ಪತ್ತಿ ಹೆಚ್ಚುವುದುಂಟು. ಆದರೆ ಬಹುಪಾಲು ರೋಗಿಗಳಲ್ಲಿ ದ್ರವ ಎಂದಿನಷ್ಟೇ ಉತ್ಪತ್ತಿಯಾಗುತ್ತಿರುತ್ತದೆ, ಹೊರಹೋಗುವ ದಾರಿ ಮಾತ್ರ ಕಟ್ಟಿರುತ್ತದೆ.

ಮಿದುಳಿನೊಳಗೆ ಕುಹರಗಳೆಂಬ ನಾಲ್ಕು ಪೊಳ್ಳು ಕೋಣೆಗಳಿವೆ. ಅವುಗಳಲ್ಲಿರುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲು ವಯಸ್ಕರಲ್ಲಿ ಗಂಟೆಗೆ ಸುಮಾರು 20 ಮಿಲಿಲೀಟರ್ ದ್ರವವನ್ನು ಸ್ರವಿಸುತ್ತದೆ. ಎರಡು ಪಾರ್ಶ್ವ ಕುಹರಗಳಿಂದ ಮೂರನೆಯದಕ್ಕೆ, ಅಲ್ಲಿಂದ ಒಂದೆರಡು ಮಿಲಿಮೀಟರ್ ಅಗಲದ ಕಿರುನಾಳದ ಮೂಲಕ ನಾಲ್ಕನೆಯದಕ್ಕೆ ಇಳಿಯುವ ಈ ದ್ರವವು, ಕೊನೆಗೆ ಮಿದುಳಿನ ಹೊರಮೈಯನ್ನೂ ಮಿದುಳುಬಳ್ಳಿಯನ್ನೂ ಸುತ್ತುವರಿದು, ಹೆಚ್ಚಿನಂಶ ತಲೆಬುರುಡೆಯೊಳಗಿನ ದೊಡ್ಡ ಅಭಿಧಮನಿಗಳ ರಕ್ತವನ್ನು ಸೇರುತ್ತದೆ.

ಆ ಕಿರುನಾಳವನ್ನು ಗಡ್ಡೆಯೊಂದು ಒತ್ತಿ ಮುಚ್ಚಿತೆನ್ನೋಣ. ಕುಹರಗಳು ಹಿಡಿಯುವುದೇ ಒಟ್ಟು 25 ಮಿಲಿಲೀಟರಿನಷ್ಟು. ಮೇಲಿನ ಕೋಣೆಗಳಲ್ಲಿ ಒಂದೆರಡು ಗಂಟೆಯಲ್ಲೇ ಅಷ್ಟು ಹೊಸ ದ್ರವ ಸೇರುತ್ತದೆ, ಒತ್ತಡ ಏರಿತೆಂದು ಸ್ರಾವವೇನೂ ನಿಲ್ಲುವುದಿಲ್ಲ. ವಯಸ್ಕರ ಬುರುಡೆ ಹಿಗ್ಗದ ಡಬ್ಬಿಯಾದ್ದರಿಂದ ಒಳಗೆ ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಟ್ಟುಕೊಡಲೇಬೇಕು. ಮೊದಲು ಅಭಿಧಮನಿಗಳ ರಕ್ತ ಹೊರಗೆ ಸರಿಯುತ್ತದೆ, ಮಿದುಳಿನ ಸುತ್ತಲಿನ ದ್ರವ ಬೆನ್ನಿನತ್ತ ಸಾಗುತ್ತದೆ. ಹಾಗಾಗಿ ಆರಂಭದಲ್ಲಿ ಒತ್ತಡ ಅಷ್ಟಾಗಿ ಏರುವುದಿಲ್ಲ. ಈ ಅವಕಾಶ ಮುಗಿದ ಮೇಲೆ ಕೆಲವೇ ಮಿಲಿಲೀಟರ್ ಸೇರಿದರೂ ಒತ್ತಡ ಕಡಿದಾಗಿ ಮೇಲೇರುತ್ತದೆ. ನಿನ್ನೆ ಬರಿಯ ತಲೆನೋವಿದ್ದವರು ಇಂದು ಮಂಪರಿಗೆ ಜಾರುವುದಕ್ಕೆ ಕಾರಣ ಇದೇ. ಬೆಳಗಿನ ಹೊತ್ತು ಹೆಚ್ಚುವ ತಲೆನೋವು, ವಾಂತಿ ಮತ್ತು ಮಂಜಾಗುವ ದೃಷ್ಟಿಯನ್ನು ಆದ್ದರಿಂದಲೇ ಹಗುರವಾಗಿ ಕಾಣಬಾರದು. ಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಳ್ಳದ ಹಸುಗೂಸಿನಲ್ಲಾದರೆ ತಲೆಯೇ ದೊಡ್ಡದಾಗುತ್ತದೆ.

ಸ್ಕ್ಯಾನ್‌ನಲ್ಲಿ ಮೊದಲ ಮೂರು ಕುಹರಗಳು ಉಬ್ಬಿ, ನಾಲ್ಕನೆಯದು ಎಂದಿನಂತಿದ್ದರೆ ತಡೆ ಕಿರುನಾಳದಲ್ಲಿದೆ ಎಂದು ತಿಳಿಯುತ್ತದೆ. ಇಂಥವರಲ್ಲಿ ಬೆನ್ನಿನಿಂದ ದ್ರವ ತೆಗೆಯುವುದು ಅಪಾಯಕರ. ಕೆಳಗಿನ ಒತ್ತಡ ತಗ್ಗಿದಾಗ ಮಿದುಳು ಕೆಳಕ್ಕೆ ಜಾರಿ ಉಸಿರಾಟವನ್ನು ನಿಯಂತ್ರಿಸುವ ಭಾಗವನ್ನೇ ಅದುಮಬಹುದು. ಶಸ್ತ್ರವೈದ್ಯರು ಹಲವರಿಗೆ ಎಂಡೋಸ್ಕೋಪ್ ಮೂಲಕ ಮೂರನೆಯ ಕುಹರದ ತಳದಲ್ಲಿ ರಂಧ್ರ ಮಾಡಿ, ಕಟ್ಟಿದ ನಾಳವನ್ನು ಬಳಸದೆಯೇ ದ್ರವ ಹೊರಮೈ ಸೇರುವಂತೆ ಮಾಡುತ್ತಾರೆ. ಆಮೇಲೂ ಗಂಟೆಗೆ ಅದೇ 20 ಮಿಲಿಲೀಟರ್ ಉತ್ಪತ್ತಿಯಾಗುತ್ತಿರುತ್ತದೆ, ಆದರೂ ಒತ್ತಡ ಇಳಿಯುತ್ತದೆ.

ಇತಿ ತಮ್ಮ ವಿಶ್ವಾಸಿ,
ಅಂಗರಚನಾಶಾಸ್ತ್ರದ ಉಪನ್ಯಾಸಕ