ಅಖೆನಾತೆನ್‌ನ ಸೂರ್ಯಬಿಂಬ ಮನೆಮನೆಗೆ ತಲುಪಿತ್ತೇ?

ಮಾನ್ಯ ಸಂಪಾದಕರೇ,

ಈಜಿಪ್ಟಿನ ಫೇರೋ ಅಖೆನಾತೆನ್ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆತ ಹಳೆಯ ದೇವರುಗಳನ್ನು ತೊಡೆದುಹಾಕಿ ಇಡೀ ದೇಶವನ್ನು ಆತೆನ್ ಎಂಬ ಸೂರ್ಯಬಿಂಬದ ಆರಾಧನೆಗೆ ತಿರುಗಿಸಿದನೆಂದೂ, ಅವನು ಸತ್ತ ಕೂಡಲೇ ಪ್ರಜೆಗಳು ಹಳೆಯ ದೇವರುಗಳಿಗೆ ಮರಳಿದರೆಂದೂ ಲೇಖಕರು ಬರೆದಿದ್ದಾರೆ. ಅರಮನೆ ಮತ್ತು ದೊಡ್ಡ ದೇವಾಲಯಗಳ ಮಟ್ಟಿಗೆ ಈ ಮಾತನ್ನು ಬಹುಪಾಲು ಒಪ್ಪಬಹುದು. ಆದರೆ ಪ್ರಜೆಗಳು ಮರಳಬೇಕಾದರೆ ಮೊದಲು ತಮ್ಮ ದೇವರುಗಳನ್ನು ಬಿಟ್ಟಿರಬೇಕಲ್ಲವೇ? ಹಾಗೆ ಬಿಟ್ಟರೆಂಬುದಕ್ಕೆ ಉತ್ಖನನಗಳಲ್ಲಿ ದೊರೆತ ಆಧಾರ ತೀರ ತೆಳುವಾದದ್ದು.

ಕ್ರಿ.ಪೂ. 1350ರ ಆಸುಪಾಸಿನಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯ ಅಮೆನ್‌ಹೋಟೆಪ್, ಆಳ್ವಿಕೆಯ ಐದನೆಯ ವರ್ಷದ ಹೊತ್ತಿಗೆ ಅಖೆನಾತೆನ್ ಎಂದು ಹೆಸರು ಬದಲಿಸಿಕೊಂಡು, ಇಂದು ಅಮರ್ನಾ ಎಂದು ಕರೆಯುವ ಬಯಲಿನಲ್ಲಿ ಹೊಸ ರಾಜಧಾನಿ ಕಟ್ಟಿಸತೊಡಗಿದ. ಅವನ ಆಜ್ಞೆಯ ಬಿಗಿ ಸುಳ್ಳಲ್ಲ. ಅದುವರೆಗೆ ಪ್ರಧಾನನಾಗಿದ್ದ ಅಮುನ್ ದೇವರ ಹೆಸರನ್ನು ಶಿಲ್ಪಿಗಳು ಗೋಡೆಗೋಡೆಗಳಿಂದ, ಎತ್ತರದ ಶಿಲಾಸ್ತಂಭಗಳ ತುದಿಯಿಂದಲೂ ಉಳಿಯಿಂದ ಕೆತ್ತಿ ತೆಗೆದರು. ಅಮುನ್ ಎಂಬುದು ಸೇರಿಕೊಂಡಿದ್ದ ಕಾರಣಕ್ಕೆ ರಾಜನ ಸ್ವಂತ ತಂದೆ ಮೂರನೆಯ ಅಮೆನ್‌ಹೋಟೆಪ್‌ನ ಹೆಸರೂ ಉಳಿಯಲಿಲ್ಲ. ದಕ್ಷಿಣದ ನೂಬಿಯಾದಲ್ಲೂ ಆತೆನ್‌ಗೆ ಗುಡಿಗಳೆದ್ದವು. ಭೂಪಟದ ಮೇಲೆ ನೋಡಿದರೆ ಇದು ಬಲು ದೂರ ಹರಡಿದ ಮತ, ಆದರೆ ಆ ಗುರುತುಗಳೆಲ್ಲ ರಾಜನ ಖರ್ಚಿನಲ್ಲಿ ಎದ್ದ ಕಟ್ಟಡಗಳವು.

ಮನೆಗಳೊಳಗೆ ಹೊಕ್ಕರೆ ಚಿತ್ರ ಬದಲಾಗುತ್ತದೆ. ಆತೆನ್‌ನ ಸ್ವಂತ ನಗರವಾದ ಅಮರ್ನಾದಲ್ಲಿಯೇ ಬೆಸ್ ಮತ್ತು ತವೆರೆತ್ ದೇವತೆಗಳ ತಾಯಿತಗಳೂ ಅವನ್ನು ಒತ್ತಿ ತಯಾರಿಸುವ ಮಣ್ಣಿನ ಅಚ್ಚುಗಳೂ ಸಿಕ್ಕಿವೆ. ಬೆಸ್ ಸಿಂಹದ ಕೇಸರವಿರುವ ಕುಳ್ಳ ದೇವರು. ತವೆರೆತ್ ಗರ್ಭಿಣಿ ನೀರಾನೆಯ ರೂಪದವಳು. ಬಾಣಂತಿಯರನ್ನೂ ಹಸುಗೂಸುಗಳನ್ನೂ ಕಾಯುವುದು ಇವರ ಕೆಲಸ. ಅಚ್ಚುಗಳಿದ್ದವೆಂದರೆ ತಾಯಿತಗಳು ರಾಜಧಾನಿಯಲ್ಲಿಯೇ ತಯಾರಾಗುತ್ತಿದ್ದವು, ಕೊಳ್ಳುವವರೂ ಇದ್ದರು ಎಂದರ್ಥ. ನಗರದ ಪೂರ್ವಕ್ಕಿದ್ದ ಕೆಲಸಗಾರರ ಹಳ್ಳಿಯ ಮನೆಗಳಲ್ಲಿ ಕುಣಿಯುವ ಬೆಸ್‌ನ ಗೋಡೆಚಿತ್ರಗಳ ತುಣುಕುಗಳು ದೊರೆತಿವೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಆ ಹಳ್ಳಿಯ ಪ್ರಾರ್ಥನಾಗೃಹಗಳಲ್ಲಿ ಅಮುನ್‌ನ ಹೆಸರೂ ಕಾಣುವುದರಿಂದ ಜನ ರಾಜನನ್ನು ಧಿಕ್ಕರಿಸಿದರೆಂದು ಹೇಳುವುದು ಸುಲಭ. ಆದರೆ ಅವುಗಳಲ್ಲಿ ಹಲವು ಅಖೆನಾತೆನ್‌ನ ಮರಣಾನಂತರ, ತುತಂಖಾಮುನ್ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ಉತ್ಖನನ ತೋರಿಸಿದೆ. ಇನ್ನು, ರಾಜನ ಕೋಪವೆಲ್ಲ ಮುಖ್ಯವಾಗಿ ಅಮುನ್‌ನ ಮೇಲಿತ್ತು; ಬೆಸ್, ತವೆರೆತ್‌ರನ್ನು ಅವನ ಅಧಿಕಾರಿಗಳು ಹುಡುಕಿ ನಾಶಮಾಡಿದ ಕುರುಹಿಲ್ಲ. ಆದ್ದರಿಂದ ಆ ತಾಯಿತಗಳನ್ನು ಬಂಡಾಯವೆಂದು ನಾನು ಓದಲಾರೆ. ಹೊಸ ಮತ ಆ ಮಟ್ಟಕ್ಕೆ ಇಳಿಯಲೇ ಇಲ್ಲ ಎಂಬುದಕ್ಕೆ ಅವು ಸಾಕ್ಷಿ.

ಏಕೆ ಇಳಿಯಲಿಲ್ಲ ಎಂಬುದನ್ನು ಶ್ರೀಮಂತರ ಮನೆಗಳ ಪೂಜಾಫಲಕಗಳೇ ಹೇಳುತ್ತವೆ. ಬಿಂಬದ ಕಿರಣಗಳ ತುದಿಯಲ್ಲಿ ಪುಟ್ಟ ಕೈಗಳಿವೆ. ಆ ಕೈಗಳು ಜೀವಚಿಹ್ನೆಯನ್ನು ಹಿಡಿಯುವುದು ರಾಜ ಮತ್ತು ರಾಣಿ ನೆಫರ್ತೀತಿಯ ಮೂಗಿನ ಮುಂದೆ ಮಾತ್ರ. ಮನೆಯವರು ಕೈಮುಗಿಯಬೇಕಾದದ್ದು ರಾಜಕುಟುಂಬಕ್ಕೆ. ಮಗುವಿನ ಜ್ವರಕ್ಕೋ ಹೆರಿಗೆಯ ಭಯಕ್ಕೋ ನೇರವಾಗಿ ಮೊರೆಹೋಗಬಹುದಾದ ದೇವರು ಅದಾಗಿರಲಿಲ್ಲ.

ಸಾಮಾನ್ಯರ ಸ್ಮಶಾನ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಧಿಕಾರಿಗಳ ಬಂಡೆಗೋರಿಗಳಲ್ಲಿ ಆತೆನ್ ಸ್ತೋತ್ರಗಳನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಅವುಗಳ ಸಮೀಪದ ಕಣಿವೆಯಲ್ಲಿ 2006ರಿಂದ 2013ರವರೆಗೆ ಅಗೆದ ನೂರಾರು ಸಾಮಾನ್ಯ ಗೋರಿಗಳಲ್ಲಿ ಹೆಚ್ಚಿನ ಶವಗಳನ್ನು ಚಾಪೆಯಲ್ಲಿ ಸುತ್ತಿ ಮರಳಿನ ಗುಂಡಿಯಲ್ಲಿ ಇಟ್ಟಿದ್ದರು. ಅಲ್ಲಿ ಆತೆನ್‌ನ ಹೆಸರು ಕಾಣಸಿಗುವುದಿಲ್ಲ.

ಮರಳುವಿಕೆಯೂ ಲೇಖನದಲ್ಲಿರುವಂತೆ ಒಂದೇ ಏಟಿಗೆ ಆಗಲಿಲ್ಲ. ಬಾಲರಾಜ ತುತಂಖಾತೆನ್ ತನ್ನ ಹೆಸರನ್ನು ತುತಂಖಾಮುನ್ ಎಂದು ಬದಲಿಸಿಕೊಂಡ ಮೇಲೂ, ಅವನ ಗೋರಿಯಲ್ಲಿಟ್ಟ ಚಿನ್ನದ ಸಿಂಹಾಸನದ ಬೆನ್ನಿನಲ್ಲಿ ಆತೆನ್‌ನ ಕಿರಣಗಳು ಅವನ ಮೇಲೂ ರಾಣಿಯ ಮೇಲೂ ಚಾಚಿಕೊಂಡೇ ಇವೆ. ಗುಡಿಗಳನ್ನು ಕೆಡವುವ ಕೆಲಸ ಬಿರುಸಾದದ್ದು ಸೇನಾಪತಿಯಾಗಿದ್ದ ಹೊರೆಂಹೆಬ್ ರಾಜನಾದ ಮೇಲೆ. ಅಮುನ್‌ನ ಮಹಾದೇವಾಲಯವಿದ್ದ ಕಾರ್ನಾಕಿನ ಆತೆನ್ ಗುಡಿಗಳನ್ನು ಸುಮಾರು 52 ಸೆಂಟಿಮೀಟರ್ ಉದ್ದದ, ಒಬ್ಬನೇ ಹೊರಬಲ್ಲ ಕಲ್ಲುಗಳಿಂದ ಕಟ್ಟಿದ್ದರು. ಬೇಗ ಕಟ್ಟಲು ಅನುಕೂಲವಾಗಿದ್ದ ಈ ಅಳತೆ ಬೇಗ ಬಿಚ್ಚಲೂ ಒದಗಿತು. ಹೊರೆಂಹೆಬ್ ಅವನ್ನು ತನ್ನ ಮಹಾದ್ವಾರಗಳ ಒಡಲಿಗೆ ತುಂಬಿಸಿದ. ಬಿಸಿಲು ಗಾಳಿ ತಾಗದೆ ಉಳಿದ ಆ ಸಾವಿರಾರು ಕಲ್ಲುಗಳನ್ನು ಜೋಡಿಸಿಯೇ ಇಂದು ಆ ಗುಡಿಗಳ ಚಿತ್ರಗಳನ್ನು ಓದುತ್ತಿದ್ದಾರೆ.

ಲೇಖಕರು ಆಧರಿಸಿರುವಂತೆ ತೋರುವ ತುತಂಖಾಮುನ್‌ನ ಶಾಸನ, ದಕ್ಷಿಣದ ಎಲಿಫೆಂಟೈನ್‌ನಿಂದ ನದೀಮುಖದ ಜೌಗುಗಳವರೆಗೆ ದೇವಾಲಯಗಳು ಹಾಳುಬಿದ್ದಿದ್ದವು ಎನ್ನುತ್ತದೆ. ಹೊಸ ರಾಜ ತನ್ನ ಹಿರಿಮೆಗಾಗಿ ಹಾಕಿಸಿದ ಆ ಶಾಸನ ಮಾತಾಡುವುದು ಗುಡಿ, ಪೂಜಾರಿ ಮತ್ತು ವಿಗ್ರಹಗಳ ಬಗ್ಗೆ. ಅದೊಂದನ್ನೇ ನೆಚ್ಚಿ ‘ಇಡೀ ದೇಶ ಮತಾಂತರವಾಯಿತು’ ಎಂದು ಬರೆದ ವಾಕ್ಯವನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಇತಿಹಾಸ ಅಧ್ಯಾಪಕ, ಧಾರವಾಡ